ಮೊದಲು x, ಆಮೇಲೆ y: ಸರದಿ ಬದಲಾದರೆ ಲಿಮಿಟ್ ಯಾಕೆ ಬದಲಾಗುತ್ತದೆ?

ಎರಡು ಚರಗಳ ಲಿಮಿಟ್ ಬಗ್ಗೆ ಪ್ರಶ್ನೆ ಕೊಟ್ಟಾಗಲೆಲ್ಲ ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಸಿಗುತ್ತದೆ. (x, y) ಎಂಬ ಬಿಂದು (0, 0) ಹತ್ತಿರ ಬಂದಾಗ ಫಂಕ್ಷನ್ ಯಾವ ಬೆಲೆಯ ಕಡೆ ಹೋಗುತ್ತದೆ ಎಂದು ಕೇಳಿರುತ್ತೇನೆ. ಹುಡುಗರು ಮೊದಲು x ಅನ್ನು ಸೊನ್ನೆಗೆ ಕಳಿಸುತ್ತಾರೆ, ಉಳಿದದ್ದರಲ್ಲಿ y ಅನ್ನು ಸೊನ್ನೆಗೆ ಕಳಿಸುತ್ತಾರೆ. ಜಾಗ್ರತೆ ಇರುವವರು ಸರದಿ ಬದಲಿಸಿ ಇನ್ನೊಮ್ಮೆ ಮಾಡಿ ನೋಡುತ್ತಾರೆ. ಎರಡೂ ಸಲ ಒಂದೇ ಉತ್ತರ ಬಂದರೆ ‘ಆದ್ದರಿಂದ ಲಿಮಿಟ್ ಇದೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರುವುದಿಲ್ಲ. ಆದರೆ ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಕ್ಲಾಸಿನಲ್ಲಿ ಇವಕ್ಕೆ ಇಟರೇಟೆಡ್ ಲಿಮಿಟ್, ಸೈಮಲ್ಟೇನಿಯಸ್ ಲಿಮಿಟ್ ಎನ್ನುತ್ತೇವೆ. ಇಲ್ಲಿ ಮೊದಲನೆಯದನ್ನು ಸರದಿ ಲಿಮಿಟ್, ಎರಡನೆಯದನ್ನು ಜೋಡಿ ಲಿಮಿಟ್ ಎಂದು ಕರೆಯುತ್ತೇನೆ. ಸರದಿ ಲಿಮಿಟ್‌ನಲ್ಲಿ ಒಂದು ಚರ ತನ್ನ ಕೆಲಸ ಪೂರ್ತಿ ಮುಗಿಸುವ ತನಕ ಇನ್ನೊಂದು ಅಲ್ಲಾಡದೆ ನಿಂತಿರುತ್ತದೆ. ಜೋಡಿ ಲಿಮಿಟ್‌ನಲ್ಲಿ ಎರಡೂ ಒಟ್ಟಿಗೆ ಚಲಿಸುತ್ತವೆ. ಯಾವುದು ಎಷ್ಟು ವೇಗವಾಗಿ ಹೋಗಬೇಕು ಎಂಬ ಕಟ್ಟುಪಾಡು ಇರುವುದಿಲ್ಲ.

ನನಗೆ ಇಷ್ಟವಾದ ಉದಾಹರಣೆ ಇದು:

f(x, y) = (x² − y²) / (x² + y²)

ಮೂಲಬಿಂದುವೊಂದನ್ನು ಬಿಟ್ಟು ಎಲ್ಲೆಡೆ ಇದಕ್ಕೆ ಬೆಲೆ ಇದೆ. y ಯಾವುದೋ ಸೊನ್ನೆಯಲ್ಲದ ಸಂಖ್ಯೆ ಎಂದಿಟ್ಟುಕೊಂಡು x ಅನ್ನು ಸೊನ್ನೆಗೆ ಕಳಿಸಿ. ಉಳಿಯುವುದು −y²/y², ಅಂದರೆ −1. ಇದರಲ್ಲಿ y ಇಲ್ಲವೇ ಇಲ್ಲ. ಹಾಗಾಗಿ ಆಮೇಲೆ y ಸೊನ್ನೆಗೆ ಹೋದರೂ ಉತ್ತರ −1 ಆಗಿಯೇ ಇರುತ್ತದೆ. ಈಗ ಸರದಿ ಬದಲಿಸಿ, x ಅನ್ನು ನಿಲ್ಲಿಸಿ y ಅನ್ನು ಮೊದಲು ಕಳಿಸಿ. ಈ ಸಲ x²/x² ಉಳಿಯುತ್ತದೆ, ಉತ್ತರ +1. ಫಂಕ್ಷನ್ ಅದೇ, ಬಿಂದು ಅದೇ, ಉತ್ತರ ಮಾತ್ರ ತಿರುಗುಮುರುಗು.

ಇದನ್ನು ಚಿಹ್ನೆಗಳ ಆಟವೆಂದು ಬಿಟ್ಟುಬಿಡುವ ಮೊದಲು ಕ್ಯಾಲ್ಕುಲೇಟರ್ ಹಿಡಿದು ಒಂದು ಸಾಲು ನೋಡೋಣ. y = 0.001 ಎಂದು ಕಟ್ಟಿಹಾಕಿ, x ಅನ್ನು ಪ್ರತಿ ಸಲ ಹತ್ತನೇ ಒಂದಕ್ಕೆ ಇಳಿಸುತ್ತಾ ಬರೋಣ. x = 0.1 ಇದ್ದಾಗ f ಬೆಲೆ ಸುಮಾರು 0.9998. x = 0.01 ಆದಾಗ 0.9802. ಇಲ್ಲಿಯವರೆಗಿನ ಅಂಕಿ ನೋಡಿದವರು ಇದು 1ರ ಹತ್ತಿರವೇ ಇದೆ ಎಂದುಕೊಂಡರೆ ಆಶ್ಚರ್ಯವಿಲ್ಲ. x = 0.001 ಆದಾಗ ಅಂಶ ಪೂರ್ತಿ ಸೊನ್ನೆ, f ಕೂಡ ಸೊನ್ನೆ. x = 0.0001ಕ್ಕೆ ಬಂದರೆ −0.9802. ಇನ್ನೊಂದು ಹೆಜ್ಜೆಗೆ −0.9998. ಹೀಗೆ −1ರ ಕಡೆ ಸಾಗುತ್ತದೆ.

ಮಗುಚಿಕೊಳ್ಳುವ ಜಾಗ x ಮತ್ತು y ಸರಿಸಮ ಆದ ಕಡೆ ಇದೆ. ಅಲ್ಲಿಗಿಂತ ದೂರದಲ್ಲಿ x ದೊಡ್ಡದು, ಅದರ ಮಾತು ನಡೆಯುತ್ತದೆ, ಬೆಲೆ +1ರ ಬಳಿ. ಅಲ್ಲಿಂದ ಒಳಗೆ y ದೊಡ್ಡದು, ಬೆಲೆ −1ರ ಬಳಿ. y ಅನ್ನು 0.001 ಬದಲು 0.000001 ಮಾಡಿದರೂ ಇದೇ ನಾಟಕ ನಡೆಯುತ್ತದೆ, ಆದರೆ ರಂಗ ಮೂಲಬಿಂದುವಿಗೆ ಇನ್ನಷ್ಟು ಹತ್ತಿರ ಸರಿದಿರುತ್ತದೆ. y ಎಷ್ಟೇ ಚಿಕ್ಕದಿರಲಿ, ಅದು ನಿಂತೇ ಇದ್ದರೆ x ಒಂದಲ್ಲ ಒಂದು ಹೊತ್ತಿಗೆ ಅದನ್ನು ದಾಟಿ ಒಳಗೆ ಹೋಗುತ್ತದೆ. ಸರದಿ ಲಿಮಿಟ್ ಆ ದಾಟಿದ ಮೇಲಿನ ಸ್ಥಿತಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಎಷ್ಟು ಒಳಗೆ ಹೋದರೆ −1ರ ಹತ್ತಿರ ಬಂದೆವು ಎನ್ನಬಹುದು? −1ರಿಂದ 0.01 ಒಳಗೆ ಇರಬೇಕು ಎಂದಿಟ್ಟುಕೊಳ್ಳಿ. f + 1 ಅನ್ನು ಸರಳಗೊಳಿಸಿದರೆ 2x²/(x² + y²) ಬರುತ್ತದೆ. ಇದು 0.01ಕ್ಕಿಂತ ಕಡಿಮೆ ಇರಬೇಕಾದರೆ |x| ಎಂಬುದು |y|ನ 0.07 ಪಾಲಿನಷ್ಟರೊಳಗೆ ಇರಬೇಕು. y = 1 ಆದರೆ x ಸುಮಾರು 0.07 ಒಳಗೆ ಬಂದರೆ ಸಾಕು. y = 0.001 ಆದರೆ 0.00007 ಒಳಗೆ ಬರಬೇಕು. ಎಲ್ಲ y ಬೆಲೆಗಳಿಗೂ ಸಾಲುವ ಒಂದೇ ಅಳತೆ ಇಲ್ಲ. y ಕುಗ್ಗಿದಂತೆ x ಗೆ ಹಾಕುವ ಷರತ್ತೂ ಬಿಗಿಯಾಗುತ್ತಾ ಹೋಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇಡೀ ಗೊಂದಲದ ಬೇರು ಇಲ್ಲೇ ಇದೆ.

ಹಾಗಾದರೆ ಜೋಡಿ ಲಿಮಿಟ್ ಎಷ್ಟು? x = r cos θ, y = r sin θ ಎಂದು ಧ್ರುವ ರೂಪಕ್ಕೆ ಬದಲಿಸಿದರೆ ಮೇಲೆ r² cos 2θ, ಕೆಳಗೆ r². r ಹೊಡೆದುಹೋಗಿ f = cos 2θ ಅಷ್ಟೇ ಉಳಿಯುತ್ತದೆ. ಮೂಲಬಿಂದುವಿನಿಂದ ಎಷ್ಟು ದೂರ ಇದ್ದೀರಿ ಎಂಬುದು ಈ ಫಂಕ್ಷನ್‌ಗೆ ಬೇಕಾಗಿಯೇ ಇಲ್ಲ, ಯಾವ ದಿಕ್ಕಿನಲ್ಲಿದ್ದೀರಿ ಎಂಬುದಷ್ಟೇ ಬೇಕು. x ಅಕ್ಷದ ಮೇಲೆ +1, ಅಲ್ಲಿಂದ ತಿರುಗುತ್ತಾ ಬಂದರೆ 45 ಡಿಗ್ರಿಯಲ್ಲಿ 0, y ಅಕ್ಷದ ಮೇಲೆ −1. ಮೂಲಬಿಂದುವಿನ ಸುತ್ತ ಎಷ್ಟೇ ಪುಟ್ಟ ವೃತ್ತ ಎಳೆದರೂ ಅದರ ಮೇಲೆ −1ರಿಂದ +1ರವರೆಗಿನ ಎಲ್ಲ ಬೆಲೆಗಳೂ ಸಿಗುತ್ತವೆ. ವೃತ್ತ ಚಿಕ್ಕದಾದರೂ ಬೆಲೆಗಳು ಒಂದೆಡೆ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಜೋಡಿ ಲಿಮಿಟ್ ಇಲ್ಲ.

ಹೊಲಕ್ಕೆ ಹೋದವನು ಎರಡು ಬದುಗಳ ಮೇಲೆ ಮಾತ್ರ ನಡೆದು ಬಂದರೆ ಒಳಗಿನ ಪೈರು ಹೇಗಿದೆ ಎಂದು ಹೇಳಲಾರ. ಸರದಿ ಲಿಮಿಟ್‌ನ ಕಥೆಯೂ ಅದೇ. y ನಿಲ್ಲಿಸಿ x ಅನ್ನು ಸೊನ್ನೆಗೆ ಕಳಿಸುವುದೆಂದರೆ ಅಡ್ಡಲಾಗಿ ಹೋಗಿ y ಅಕ್ಷಕ್ಕೆ ಅಂಟಿಕೊಳ್ಳುವುದು. ಆಮೇಲೆ y ಅನ್ನು ಸೊನ್ನೆಗೆ ಕಳಿಸುವುದೆಂದರೆ ಆ ಅಕ್ಷದ ಮೇಲೆಯೇ ಜಾರಿ ಮೂಲಬಿಂದುವಿಗೆ ಬರುವುದು. ಇನ್ನೊಂದು ಸರದಿಯಲ್ಲಿ x ಅಕ್ಷಕ್ಕೆ ಅಂಟಿಕೊಂಡು ಬರುತ್ತೇವೆ. ಎರಡು ಅಕ್ಷಗಳ ನಡುವೆ ಏನಿದೆ ಎಂಬುದು ಎರಡೂ ಲೆಕ್ಕಕ್ಕೆ ಬರುವುದೇ ಇಲ್ಲ.

ಈಗ ಆ ಉತ್ತರಪತ್ರಿಕೆಯ ತಪ್ಪಿಗೆ ಬರೋಣ. ಎರಡು ಸರದಿಗಳೂ ಒಂದೇ ಉತ್ತರ ಕೊಟ್ಟರೆ? g(x, y) = xy/(x² + y²) ತೆಗೆದುಕೊಳ್ಳಿ. x ಮೊದಲು ಹೋದರೆ 0, y ಮೊದಲು ಹೋದರೂ 0. ಎರಡು ಬದುಗಳೂ ಸಪಾಟಾಗಿವೆ. ಆದರೆ y = x ಎಂಬ ಓರೆ ದಾರಿಯಲ್ಲಿ ಬಂದರೆ ಪ್ರತಿ ಹೆಜ್ಜೆಯಲ್ಲೂ x²/2x², ಅಂದರೆ 1/2. ಕೊನೆಯ ಹೆಜ್ಜೆಯವರೆಗೂ ಅದೇ. ಹಾಗಾಗಿ ಸರದಿ ಲಿಮಿಟ್‌ಗಳು ಹೊಂದಿಕೊಂಡರೂ ಜೋಡಿ ಲಿಮಿಟ್ ಇಲ್ಲ. ಈ ತಪ್ಪು ಮಾಡಿದವರು ಬೇಸರ ಪಟ್ಟುಕೊಳ್ಳಬೇಕಿಲ್ಲ. 1821ರಲ್ಲಿ ಕೋಶಿ ತನ್ನ ಪಠ್ಯದಲ್ಲಿ, ಒಂದು ಫಂಕ್ಷನ್ ಪ್ರತಿಯೊಂದು ಚರದಲ್ಲೂ ಬೇರೆ ಬೇರೆಯಾಗಿ ನಿರಂತರವಾಗಿದ್ದರೆ ಒಟ್ಟಾಗಿಯೂ ನಿರಂತರ ಎಂದು ಬರೆದುಬಿಟ್ಟಿದ್ದ. ಮೂಲಬಿಂದುವಿನಲ್ಲಿ g ಗೆ 0 ಎಂಬ ಬೆಲೆ ಕೊಟ್ಟರೆ ಇದೇ ಫಂಕ್ಷನ್ ಆ ಮಾತನ್ನು ಸುಳ್ಳಾಗಿಸುತ್ತದೆ: x ಉದ್ದಕ್ಕೂ ತೊಂದರೆಯಿಲ್ಲ, y ಉದ್ದಕ್ಕೂ ತೊಂದರೆಯಿಲ್ಲ, ಓರೆಯಾಗಿ ಬಂದರೆ ಮಾತ್ರ ಸೊನ್ನೆಯಿಂದ ಅರ್ಧಕ್ಕೆ ಜಿಗಿತ.

ಇಷ್ಟು ಕೇಳಿದ ಮೇಲೆ ಹುಡುಗರು ಮಾಡುವ ಮುಂದಿನ ಕೆಲಸ ನನಗೆ ಗೊತ್ತು. ‘ಹಾಗಾದರೆ y = mx ಹಾಕಿ ಎಲ್ಲ ಸರಳರೇಖೆಗಳನ್ನೂ ನೋಡಿಬಿಡುತ್ತೇವೆ ಸಾರ್’ ಎನ್ನುತ್ತಾರೆ. ಅದೂ ಸಾಲದು. x²y/(x⁴ + y²) ಎಂಬುದರಲ್ಲಿ y = mx ಹಾಕಿ, ಮೇಲೆ ಕೆಳಗೆ x² ಹೊಡೆಯಿರಿ: mx/(x² + m²). m ಸೊನ್ನೆಯಲ್ಲದಿದ್ದರೆ x ಸೊನ್ನೆಯಾದಾಗ ಇದು 0. m ಸೊನ್ನೆಯಾದರೆ ಮೊದಲಿಂದಲೇ 0. y ಅಕ್ಷದ ಮೇಲೂ 0. ಯಾವ ಸರಳರೇಖೆ ಹಿಡಿದು ಬಂದರೂ ಸೊನ್ನೆಯೇ. ಆದರೆ y = x² ಎಂಬ ಪರವಲಯದ ಮೇಲೆ ಬಂದರೆ x⁴/2x⁴, ಮತ್ತೆ ಅದೇ 1/2. ನನ್ನ ಅನುಭವದಲ್ಲಿ ಇಲ್ಲಿ ಕ್ಲಾಸು ಒಂದು ನಿಮಿಷ ಮೌನವಾಗುತ್ತದೆ. ಎಲ್ಲ ದಿಕ್ಕುಗಳಿಂದ ಬಂದರೂ ಸೊನ್ನೆ ಎಂದಮೇಲೆ ಅರ್ಧ ಎಲ್ಲಿಂದ ಬಂತು?

ಮೊದಲ ಉದಾಹರಣೆಯಲ್ಲಿ ಬಂದಲ್ಲಿಂದಲೇ. ಒಂದು ಸರಳರೇಖೆ ಹಿಡಿಯುವುದೆಂದರೆ ಇಳಿಜಾರು m ಅನ್ನು ಕಟ್ಟಿಹಾಕಿ x ಅನ್ನು ಮಾತ್ರ ಬಿಡುವುದು. mx/(x² + m²) ಅನ್ನು ಇನ್ನೊಮ್ಮೆ ನೋಡಿ: x = m ಆದ ಕಡೆ ಬೆಲೆ 1/2. ಅಂದರೆ ಪ್ರತಿ ರೇಖೆಯೂ ಒಂದು ಕಡೆ ಅರ್ಧದ ಎತ್ತರಕ್ಕೆ ಏರಿ, ಆಮೇಲೆ ಸೊನ್ನೆಗೆ ಇಳಿಯುತ್ತದೆ. ರೇಖೆ ಚಪ್ಪಟೆಯಾದಷ್ಟೂ ಆ ಏರು ಮೂಲಬಿಂದುವಿಗೆ ಹತ್ತಿರ. ರೇಖೆಯನ್ನು ಮೊದಲೇ ಆರಿಸಿಕೊಂಡವನು ಆ ಏರನ್ನು ದಾಟಿಯೇ ಒಳಗೆ ಹೋಗುತ್ತಾನೆ. ಪರವಲಯ ಎಲ್ಲ ಏರುಗಳ ನೆತ್ತಿಗಳನ್ನೇ ಮುಟ್ಟುತ್ತಾ ಬರುತ್ತದೆ. ಧ್ರುವ ರೂಪಕ್ಕೆ ಬದಲಿಸಿ ‘θ ಏನೇ ಇರಲಿ, r ಸೊನ್ನೆಯಾದರೆ ಉತ್ತರ ಸೊನ್ನೆ’ ಎಂದು ಬರೆಯುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. θ ಅನ್ನು ನಿಲ್ಲಿಸಿ r ಅನ್ನು ಕಳಿಸಿದರೆ ಅದೂ ಒಂದು ಬಗೆಯ ಸರದಿಯೇ. ಧ್ರುವ ರೂಪದಿಂದ ಜೋಡಿ ಲಿಮಿಟ್ ಇದೆ ಎಂದು ತೋರಿಸಬೇಕಾದರೆ, ಬೆಲೆಯನ್ನು θ ಇಲ್ಲದ, ಬರೀ r ಇರುವ, r ಜೊತೆ ಸೊನ್ನೆಗೆ ಹೋಗುವ ಒಂದು ಅಳತೆಯ ಕೆಳಗೆ ಕಟ್ಟಬೇಕು. x²y/(x² + y²) ನಲ್ಲಿ ಅದು ಸಾಧ್ಯ: x²/(x² + y²) ಒಂದನ್ನು ಮೀರುವುದಿಲ್ಲ, ಆದ್ದರಿಂದ ಒಟ್ಟು ಬೆಲೆ |y|ಗಿಂತ ಹೆಚ್ಚಲ್ಲ, |y| ಎಂಬುದು r ಗಿಂತ ಹೆಚ್ಚಲ್ಲ. ಕೋನದ ಮಾತೇ ಬರಲಿಲ್ಲ. ಇಲ್ಲಿ ಜೋಡಿ ಲಿಮಿಟ್ ಖಂಡಿತ 0.

ಕಂಪ್ಯೂಟರಿಗೆ ಕೊಟ್ಟರೆ? ಪೈಥಾನ್‌ನ ಸಿಮ್‌ಪೈನಲ್ಲಿ ನಮ್ಮ ಮೊದಲ ಉದಾಹರಣೆಯನ್ನು ಹಾಕಿದರೆ ಹೀಗಾಗುತ್ತದೆ:

```python
from sympy import symbols, limit
x, y = symbols('x y')
f = (x**2 - y**2)/(x**2 + y**2)
limit(limit(f, x, 0), y, 0)   # -1
limit(limit(f, y, 0), x, 0)   # 1
```

`limit` ಒಂದು ಸಲಕ್ಕೆ ಒಂದು ಚರವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಒಂದರೊಳಗೆ ಒಂದು ಹಾಕಿದರೆ ಸಿಗುವುದು ಸರದಿ ಲಿಮಿಟ್ಟೇ. ಇಲ್ಲಿ ಎರಡು ಉತ್ತರ ಬೇರೆ ಬಂದಿದ್ದರಿಂದ ಅನುಮಾನ ಬಂತು. xy/(x² + y²) ಹಾಕಿದ್ದರೆ ಎರಡು ಸಲವೂ 0 ಎಂದು ಹೇಳಿ ಸುಮ್ಮನಾಗುತ್ತಿತ್ತು.

ಸರದಿ ಲಿಮಿಟ್ ಇದ್ದು ಜೋಡಿ ಲಿಮಿಟ್ ಇಲ್ಲದ್ದನ್ನು ನೋಡಿದೆವು. ಇದರ ತಿರುವುಮುರುವೂ ಆಗುತ್ತದೆ. x sin(1/y) + y sin(1/x) ಎಂಬುದು ಅಕ್ಷಗಳ ಮೇಲೆ ಇಲ್ಲ, ಉಳಿದ ಕಡೆ ಇದೆ. ಸೈನ್ ಎಂದೂ ಒಂದನ್ನು ಮೀರದ ಕಾರಣ ಬೆಲೆ |x| + |y| ಒಳಗೇ ಇರುತ್ತದೆ, ಹಾಗಾಗಿ ಜೋಡಿ ಲಿಮಿಟ್ 0. ಆದರೆ y ಅನ್ನು 0.001ರಲ್ಲಿ ನಿಲ್ಲಿಸಿ x ಅನ್ನು ಕಳಿಸಿದರೆ ಮೊದಲ ಪದ ಸೊನ್ನೆಯಾಗುತ್ತದೆ, ಎರಡನೆಯದು −0.001 ಮತ್ತು 0.001ರ ನಡುವೆ ಕೊನೆಯಿಲ್ಲದೆ ಓಲಾಡುತ್ತದೆ. ಒಳಗಿನ ಲಿಮಿಟ್ ಸಿಗದೆ ಇದ್ದರೆ ಹೊರಗಿನದನ್ನು ಕೇಳುವ ಪ್ರಶ್ನೆಯೇ ಇಲ್ಲ. ಓಲಾಟ ಚಿಕ್ಕದು, ಜೋಡಿ ಲಿಮಿಟ್‌ಗೆ ಅದರಿಂದ ತೊಂದರೆಯಿಲ್ಲ. ಆದರೆ ಸರದಿಯಲ್ಲಿ ಹೋಗುವವನಿಗೆ ಮೊದಲ ಮೆಟ್ಟಿಲೇ ಮುರಿದಿದೆ.

ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ಲವೇ? ಇದೆ, ಷರತ್ತಿನ ಮೇಲೆ. ಜೋಡಿ ಲಿಮಿಟ್ L ಎಂದು ಇದ್ದು, ಒಳಗಿನ ಲಿಮಿಟ್ ಕೂಡ ಪ್ರತಿ y ಗೆ ಸಿಗುತ್ತದೆ ಎಂದಾದರೆ, ಸರದಿ ಲಿಮಿಟ್ ಇದ್ದೇ ಇರುತ್ತದೆ, ಅದೂ L ಆಗಿರುತ್ತದೆ. ಕಾರಣ ಸುಲಭ. ಮೂಲಬಿಂದುವಿನ ಸುತ್ತ ಒಂದು ಪುಟ್ಟ ವೃತ್ತದೊಳಗೆ f ಬೆಲೆ L ಇಂದ ε ಒಳಗೇ ಇದೆ ಎಂದಿಟ್ಟುಕೊಳ್ಳಿ. ಆ ವೃತ್ತದೊಳಗೆ ಒಂದು y ಹಿಡಿದು x ಅನ್ನು ಸೊನ್ನೆಗೆ ಕಳಿಸಿದರೆ, ದಾರಿಯಲ್ಲಿ ಬರುವ ಎಲ್ಲ ಬೆಲೆಗಳೂ ಆ ಪಟ್ಟಿಯೊಳಗೇ ಇರುತ್ತವೆ. ಅವುಗಳ ಲಿಮಿಟ್ ಪಟ್ಟಿಯ ಅಂಚಿಗೆ ತಾಗಬಹುದು, ಆಚೆಗೆ ಹೋಗಲಾರದು. ε ಎಷ್ಟು ಬೇಕಾದರೂ ಚಿಕ್ಕದಿರಬಹುದಾದ್ದರಿಂದ y ಕುಗ್ಗಿದಂತೆ ಒಳಗಿನ ಲಿಮಿಟ್‌ಗಳು L ಗೆ ಹೋಗಲೇಬೇಕು. ಇದರಿಂದ ಒಂದು ಪರೀಕ್ಷೆ ಸಿಗುತ್ತದೆ: ಎರಡು ಸರದಿ ಲಿಮಿಟ್‌ಗಳೂ ಇದ್ದು ಅವು ಬೇರೆ ಬೇರೆ ಬಂದರೆ ಜೋಡಿ ಲಿಮಿಟ್ ಇಲ್ಲ, ಮುಂದೆ ದಾರಿ ಹುಡುಕುವ ಅಗತ್ಯವೂ ಇಲ್ಲ. ಈ ಪರೀಕ್ಷೆ ‘ಇಲ್ಲ’ ಎನ್ನಲು ಬಲ್ಲದು, ‘ಇದೆ’ ಎನ್ನಲಾರದು.

‘ಇದೆ’ ಎನ್ನಲು ಬೇಕಾದ್ದು ನಾನು ನೆನಪಿಟ್ಟುಕೊಳ್ಳಿ ಎಂದಿದ್ದ ಆ ಅಳತೆ. x ಸೊನ್ನೆಗೆ ಹೋದಾಗ f ತನ್ನ ಒಳಗಿನ ಲಿಮಿಟ್‌ಗೆ ಹತ್ತಿರವಾಗಲು ಬೇಕಾದ δ ಎಲ್ಲ y ಗಳಿಗೂ ಒಂದೇ ಆಗಿದ್ದರೆ ಅದಕ್ಕೆ ಯೂನಿಫಾರ್ಮ್ ಎನ್ನುತ್ತಾರೆ. ಒಂದು ಸರದಿಯಲ್ಲಿ ಒಳಗಿನ ಲಿಮಿಟ್ ಹೀಗೆ ಯೂನಿಫಾರ್ಮ್ ಆಗಿದ್ದು, ಇನ್ನೊಂದು ಸರದಿಯಲ್ಲಿ ಒಳಗಿನ ಲಿಮಿಟ್ ಬರೀ ಇದ್ದರೆ ಸಾಕು, ಜೋಡಿ ಲಿಮಿಟ್ ಇರುತ್ತದೆ, ಎರಡು ಸರದಿ ಲಿಮಿಟ್‌ಗಳೂ ಇರುತ್ತವೆ, ಮೂರೂ ಒಂದೇ. ಮೂರ್–ಆಸ್ಗುಡ್ ಪ್ರಮೇಯ ಎಂದು ಇದಕ್ಕೆ ಹೆಸರು. ನಮ್ಮ f ನಲ್ಲಿ δ ಬೆಲೆ 0.07|y| ಎಂದು ಬಂದಿತ್ತಲ್ಲ, ಪ್ರಮೇಯದ ಕೈ ತಪ್ಪಿದ್ದು ಆ |y| ಇಂದ.

ಇದೆಲ್ಲ ಮೂಲಬಿಂದುವಿನಲ್ಲಿ ಬೇಕೆಂದೇ ಕೆಡಿಸಿಟ್ಟ ಫಂಕ್ಷನ್‌ಗಳ ವಿಚಾರ, ನಿಜವಾದ ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳುವವರಿಗೆ ನಾನು xʸ ತೋರಿಸುತ್ತೇನೆ. x, y ಎರಡೂ ಧನ ಸಂಖ್ಯೆಗಳಾಗಿರಲಿ. y ನಿಲ್ಲಿಸಿ x ಅನ್ನು ಸೊನ್ನೆಗೆ ಕಳಿಸಿದರೆ 0 ಬರುತ್ತದೆ, x ನಿಲ್ಲಿಸಿ y ಅನ್ನು ಕಳಿಸಿದರೆ 1. ಸೊನ್ನೆಯ ಘಾತ ಸೊನ್ನೆ ಎಷ್ಟು ಎಂದು ಹೈಸ್ಕೂಲಿನಿಂದ ನಡೆಯುವ ಜಗಳದ ಒಂದು ಮುಖ ಇದು: ಒಬ್ಬರು ಒಂದು ಬದುವಿನ ಮೇಲೆ, ಇನ್ನೊಬ್ಬರು ಇನ್ನೊಂದರ ಮೇಲೆ ನಿಂತು ಮಾತಾಡುತ್ತಿರುತ್ತಾರೆ.

ಆದರೆ ಇದಕ್ಕಿಂತ ಗಂಭೀರವಾದ ಜಾಗ ಪಾರ್ಶಿಯಲ್ ಡೆರಿವೇಟಿವ್. ಮೊದಲು x ಗೆ, ಆಮೇಲೆ y ಗೆ ಡಿಫರೆನ್ಶಿಯೇಟ್ ಮಾಡಿದರೂ, ಸರದಿ ಬದಲಿಸಿದರೂ ಒಂದೇ ಉತ್ತರ ಎಂದು ನಾವೆಲ್ಲ ಯೋಚಿಸದೆ ಬಳಸುತ್ತೇವೆ. ಪೆಯಾನೊ ಹೆಸರಿನೊಂದಿಗೆ ಸೇರಿಕೊಂಡಿರುವ ಈ ಫಂಕ್ಷನ್ ನೋಡಿ:

F(x, y) = xy(x² − y²)/(x² + y²), F(0, 0) = 0

ಇದು ಮೂಲಬಿಂದುವಿನಲ್ಲೂ ನಿರಂತರ, ಮೊದಲ ಡೆರಿವೇಟಿವ್‌ಗಳೂ ನಿರಂತರ. ನೋಡಲು ಸಾಧು. ಎರಡೂ ಅಕ್ಷಗಳ ಮೇಲೆ F ಸೊನ್ನೆ. ಆದ್ದರಿಂದ (0, k) ನಲ್ಲಿ x ದಿಕ್ಕಿನ ಡೆರಿವೇಟಿವ್ ಎಂದರೆ h ಸೊನ್ನೆಗೆ ಹೋದಾಗ F(h, k)/h ನ ಲಿಮಿಟ್, ಅದು −k. ಇದನ್ನು k ಇಂದ ಭಾಗಿಸಿ k ಅನ್ನು ಸೊನ್ನೆಗೆ ಕಳಿಸಿದರೆ ಮಿಶ್ರ ಡೆರಿವೇಟಿವ್ ಸಿಗುತ್ತದೆ: −1. ಸರದಿ ಬದಲಿಸಿ, (h, 0) ನಲ್ಲಿ y ದಿಕ್ಕಿನ ಡೆರಿವೇಟಿವ್ ತೆಗೆದರೆ h, ಅದರಿಂದ +1. ಎರಡೂ ಲೆಕ್ಕಗಳಲ್ಲಿ ನಾವು ನಿಜಕ್ಕೂ ಮಾಡಿದ್ದು F(h, k)/(hk) ಎಂಬ ಒಂದೇ ಭಾಗಲಬ್ಧವನ್ನು ಎರಡು ಸರದಿಗಳಲ್ಲಿ ಸೊನ್ನೆಗೆ ಕಳಿಸಿದ್ದು. ಆ ಭಾಗಲಬ್ಧ ಎಷ್ಟು? (h² − k²)/(h² + k²). ನಾವು ಶುರು ಮಾಡಿದ ಫಂಕ್ಷನ್ನೇ, ಅಕ್ಷರ ಬದಲಾಗಿದೆ ಅಷ್ಟೇ.

ಮೂಲಬಿಂದುವಿನ ಆಚೆ ಎರಡೂ ಮಿಶ್ರ ಡೆರಿವೇಟಿವ್‌ಗಳು ಒಂದೇ, ಜಗಳವಿಲ್ಲ. ಆದರೆ ಆ ಒಂದೇ ಬೆಲೆ x ಅಕ್ಷದ ಮೇಲೆಲ್ಲ +1, y ಅಕ್ಷದ ಮೇಲೆಲ್ಲ −1. ಎರಡನೆಯ ಡೆರಿವೇಟಿವ್‌ಗಳು ನಿರಂತರವಾಗಿರಬೇಕು ಎಂದು ಪಠ್ಯಪುಸ್ತಕ ಪ್ರಮೇಯದ ಮೊದಲ ಸಾಲಿನಲ್ಲಿ ಹಾಕುವ ಷರತ್ತು, ನಾವು ಓದದೆ ದಾಟಿಹೋಗುವ ಆ ಷರತ್ತು, ಮೂಲಬಿಂದುವಿನಲ್ಲಿ ಮುರಿದು ಬೀಳುವುದು ಹೀಗೆ.